ಹನ್ನೊಂದು ತಿಂಗಳ ಬಾಡಿಗೆ ಕರಾರು: ಸ್ಟಾಂಪಿನ ಕೊರತೆ, ನೋಂದಣಿಯ ಕೊರತೆ ಮತ್ತು ಸಾಕ್ಷ್ಯದ ಬೆಲೆ

ಪೀಠಿಕೆ

ಕರ್ನಾಟಕದ ನಗರಗಳಲ್ಲಿ ಮನೆ ಬಾಡಿಗೆಗೆ ಕೊಡುವವರೂ ಹಿಡಿಯುವವರೂ ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಸಹಿ ಹಾಕುತ್ತಾರೆ. ನೂರೋ ಇನ್ನೂರೋ ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ ಸಿದ್ಧ ನಮೂನೆಯನ್ನು ಟೈಪ್ ಮಾಡಿಸಿ, ನೋಟರಿಯ ಮೊಹರು ಹಾಕಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬಲವಾಗಿದೆ. ಮುಂದೆ ಅಡ್ವಾನ್ಸ್ ವಾಪಸಾತಿಗೋ ಮನೆ ತೆರವಿಗೋ ತಕರಾರು ಎದ್ದಾಗ ಆ ಕಾಗದದ ಬಗ್ಗೆ ಎರಡು ಪ್ರಶ್ನೆಗಳು ಬರುತ್ತವೆ. ಸ್ಟಾಂಪು ಸಾಕಷ್ಟಿದೆಯೇ? ನೋಂದಣಿ ಬೇಕಿತ್ತೇ? ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ನಷ್ಟ ಆಗುತ್ತದೆ. ಸ್ಟಾಂಪಿನ ಕೊರತೆಯನ್ನು ಹಣ ಕಟ್ಟಿ ಸರಿಪಡಿಸಬಹುದು. ಕಡ್ಡಾಯ ನೋಂದಣಿಯ ಕೊರತೆಯನ್ನು ವಿಚಾರಣೆಯ ಹಂತದಲ್ಲಿ ಯಾವ ಹಣವೂ ಸರಿಪಡಿಸದು. ಈ ವ್ಯತ್ಯಾಸದಿಂದ ಕರಾರು ಪತ್ರದ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹನ್ನೊಂದು ತಿಂಗಳೇ ಏಕೆ?

ನೋಂದಣಿ ಕಾಯಿದೆ, 1908ರ 17(1)(ಡಿ) ಕಲಮಿನ ಪ್ರಕಾರ ವರ್ಷದಿಂದ ವರ್ಷಕ್ಕೆ ನಡೆಯುವ, ಒಂದು ವರ್ಷವನ್ನು ಮೀರುವ, ಅಥವಾ ವಾರ್ಷಿಕ ಬಾಡಿಗೆಯನ್ನು ಗೊತ್ತುಮಾಡುವ ಗೇಣಿ ಪತ್ರಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಒಂದು ವರ್ಷವನ್ನು ಮೀರದ ಪತ್ರಗಳನ್ನು ಅದೇ ಕಾಯಿದೆಯ 18ನೇ ಕಲಮು ಐಚ್ಛಿಕ ನೋಂದಣಿಯ ಪಟ್ಟಿಯಲ್ಲಿ ಇಟ್ಟಿದೆ. ಹಾಗಿದ್ದರೆ ಹನ್ನೆರಡು ತಿಂಗಳ ಕರಾರಿಗೂ ನೋಂದಣಿ ಬೇಡ ಎನ್ನಬಹುದು. ಆದರೆ ಸ್ವತ್ತು ವರ್ಗಾವಣೆ ಕಾಯಿದೆ, 1882ರ 110ನೇ ಕಲಮಿನಲ್ಲಿ ಒಂದು ಸೂಕ್ಷ್ಮವಿದೆ. ಇಂಥ ದಿನದಿಂದ ಒಂದು ವರ್ಷ ಎಂದು ಬರೆದಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಮೊದಲ ದಿನ ಲೆಕ್ಕಕ್ಕೆ ಬರುವುದಿಲ್ಲ; ಮರುವರ್ಷದ ಅದೇ ತಾರೀಖು ಪೂರ್ತಿ ಕಳೆಯುವವರೆಗೆ ಗೇಣಿ ನಡೆಯುತ್ತದೆ. ಏಪ್ರಿಲ್ 1ರಂದೇ ಬೀಗದ ಕೈ ಕೊಟ್ಟು ‘ಏಪ್ರಿಲ್ 1ರಿಂದ ಒಂದು ವರ್ಷ’ ಎಂದು ಬರೆದರೆ, ಅವಧಿ ಒಂದು ವರ್ಷವನ್ನು ಮೀರಿದೆ ಎಂಬ ವಾದಕ್ಕೆ ಎಡೆಯಾಗುತ್ತದೆ. ಹನ್ನೊಂದು ತಿಂಗಳೆಂದು ಬರೆದಾಗ ಈ ವಾದಕ್ಕೆ ಅವಕಾಶವೇ ಇರುವುದಿಲ್ಲ.

ಆದರೂ ‘ಹನ್ನೊಂದು ತಿಂಗಳು’ ಎಂಬ ಪದವೊಂದೇ ರಕ್ಷೆಯಲ್ಲ. ಪತ್ರದ ಮೊದಲಲ್ಲಿ ಹನ್ನೊಂದು ತಿಂಗಳೆಂದು ಬರೆದು, ಮುಂದಿನ ಷರತ್ತಿನಲ್ಲಿ ‘ಮೂರು ವರ್ಷ ಮುಗಿಯುವವರೆಗೆ ಯಾರೂ ಬಿಡತಕ್ಕದ್ದಲ್ಲ’ ಎಂದು ಇಬ್ಬರನ್ನೂ ಕಟ್ಟಿಹಾಕಿದರೆ, ನ್ಯಾಯಾಲಯ ಪತ್ರವನ್ನು ಇಡಿಯಾಗಿ ಓದಿ ನಿಜವಾದ ಅವಧಿಯನ್ನು ನಿರ್ಧರಿಸುತ್ತದೆ. ‘ಉಭಯತರರ ಒಪ್ಪಿಗೆಯಿಂದ ಹೊಸ ಕರಾರಿನ ಮೂಲಕ ನವೀಕರಿಸಬಹುದು’ ಎಂಬ ಮಾತಿನಿಂದ ಅಂಥ ತೊಡಕು ಹುಟ್ಟುವುದಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪಣೆಯನ್ನೂ ಎದುರಿಸಬೇಕು. ಸ್ವತ್ತು ವರ್ಗಾವಣೆ ಕಾಯಿದೆಯ 107ನೇ ಕಲಮು ಅಲ್ಪಾವಧಿಯ ಗೇಣಿಗೆ ಎರಡೇ ದಾರಿಗಳನ್ನು ಹೇಳುತ್ತದೆ: ನೋಂದಾಯಿತ ಪತ್ರ, ಇಲ್ಲವೇ ಸ್ವಾಧೀನ ಕೊಡುವುದರ ಜೊತೆಗೆ ಬಾಯಿಮಾತಿನ ಒಪ್ಪಂದ. ನೋಂದಣಿಯಾಗದ ಬರಹ ಎರಡಕ್ಕೂ ಸೇರದಲ್ಲ ಎಂದು ಕೇಳಬಹುದು. ನನ್ನ ಓದಿನ ಪ್ರಕಾರ, ಮೌಖಿಕ ಒಪ್ಪಂದದ ದಾರಿ ತೆರೆದಿರುವಾಗ ನೋಂದಣಿಯನ್ನು ಕಡ್ಡಾಯ ಎನ್ನಲಾಗದು. ಆದ್ದರಿಂದ ನೋಂದಣಿ ಕಾಯಿದೆಯ 49ನೇ ಕಲಮಿನ ನಿಷೇಧ ಇಂಥ ಪತ್ರಕ್ಕೆ ತಗಲುವುದಿಲ್ಲ. ಮಾತುಕತೆ ಮತ್ತು ಬೀಗದ ಕೈ ಹಸ್ತಾಂತರದಿಂದ ಗೇಣಿ ಹುಟ್ಟುತ್ತದೆ. ಕಾಗದ ಆ ಮಾತಿನ ದಾಖಲೆ.

ಉದಾಹರಣೆ: ಸ್ಟಾಂಪಿನ ಲೆಕ್ಕ

ಬೆಂಗಳೂರಿನ ಒಂದು ಮನೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆ, 2,00,000 ರೂಪಾಯಿ ಅಡ್ವಾನ್ಸ್. ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದೆಂಬ ಷರತ್ತಿದೆ. ಹನ್ನೊಂದು ತಿಂಗಳ ಕರಾರನ್ನು 100 ರೂಪಾಯಿಯ ಇ-ಸ್ಟಾಂಪ್ ಮೇಲೆ ಮಾಡಿಕೊಂಡಿದ್ದಾರೆ. ಅವಧಿ ಮುಗಿದ ಮೇಲೆ ಹೊಸ ಪತ್ರ ಮಾಡಿಕೊಳ್ಳದೆ ಬಾಡಿಗೆದಾರರು ಇನ್ನೊಂದು ವರ್ಷ ಅಲ್ಲೇ ಇದ್ದು, ಮಾಲೀಕರಿಗೆ ಪ್ರತಿ ತಿಂಗಳೂ ಬ್ಯಾಂಕ್ ಮೂಲಕ ಬಾಡಿಗೆ ಕಟ್ಟಿದ್ದಾರೆ. ಮನೆ ಬಿಟ್ಟಾಗ ಮಾಲೀಕರು ದುರಸ್ತಿಯ ನೆಪ ಹೇಳಿ ಅಡ್ವಾನ್ಸಿನಲ್ಲಿ 90,000 ಹಿಡಿದುಕೊಂಡಿದ್ದಾರೆ. ಬಾಡಿಗೆದಾರರು ದಾವೆ ಹೂಡುತ್ತಾರೆ.

ಕರ್ನಾಟಕ ಸ್ಟಾಂಪು ಕಾಯಿದೆ, 1957ರ ಅನುಸೂಚಿಯ 30ನೇ ಅನುಚ್ಛೇದ ಗೇಣಿ ಪತ್ರಗಳಿಗೆ ಸಂಬಂಧಿಸಿದ್ದು. ಒಂದು ವರ್ಷ ಮೀರದ ವಾಸದ ಮನೆಯ ಕರಾರಿಗೆ ಸರಾಸರಿ ವಾರ್ಷಿಕ ಬಾಡಿಗೆ ಮತ್ತು ಅಡ್ವಾನ್ಸ್ ಸೇರಿದ ಮೊತ್ತದ ಮೇಲೆ ನೂರಕ್ಕೆ 50 ಪೈಸೆ, ಗರಿಷ್ಠ 500 ರೂಪಾಯಿ ಎಂಬ ದರವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯೋಣ. 2,40,000 ಮತ್ತು 2,00,000 ಸೇರಿ 4,40,000. ಅದರ ಅರ್ಧ ಪ್ರತಿಶತ 2,200 ಆದರೂ ಮಿತಿಯಿಂದಾಗಿ ಕಟ್ಟಬೇಕಾದ್ದು 500. ಕಟ್ಟಿದ್ದು 100. ಹನ್ನೊಂದು ತಿಂಗಳ ಕರಾರಿಗೆ ನೋಂದಣಿಯಿಂದ ವಿನಾಯಿತಿ ಇದೆಯೇ ಹೊರತು ಸ್ಟಾಂಪಿನಿಂದ ಇಲ್ಲ. ಈ 400 ರೂಪಾಯಿಯ ಕೊರತೆಯನ್ನು ನೋಟರಿಯ ಮೊಹರು ಮುಚ್ಚಲಾರದು.

ಪತ್ರವನ್ನು ನಿಶಾನೆಯಾಗಿ ಗುರುತಿಸಲು ಹೋದಾಗ ಎದುರು ವಕೀಲರು ಆಕ್ಷೇಪಿಸುತ್ತಾರೆ. ಸ್ಟಾಂಪು ಕಾಯಿದೆಯ 33ನೇ ಕಲಮಿನಡಿ ನ್ಯಾಯಾಲಯ ಪತ್ರವನ್ನು ಮುಟ್ಟುಗೋಲು ಹಾಕುತ್ತದೆ. 34ನೇ ಕಲಮಿನಡಿ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದರೆ ಮಾತ್ರ ಅದು ಸಾಕ್ಷ್ಯವಾಗುತ್ತದೆ. 400ಕ್ಕೆ 4,000 ಸೇರಿ 4,400 ರೂಪಾಯಿ. ವಿಚಾರಣಾ ನ್ಯಾಯಾಲಯ ಈ ಹತ್ತು ಪಟ್ಟನ್ನು ತಗ್ಗಿಸುವಂತಿಲ್ಲ ಎಂದು ಗಂಗಪ್ಪ ವಿರುದ್ಧ ಫಕ್ಕೀರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ದಂಡವನ್ನು ಕಡಿಮೆ ಮಾಡುವ ವಿವೇಚನೆ ಇರುವುದು ಜಿಲ್ಲಾ ನೋಂದಣಾಧಿಕಾರಿಗೆ. ಆಕ್ಷೇಪಣೆಯಿಲ್ಲದೆ ಪತ್ರ ಒಮ್ಮೆ ಸಾಕ್ಷ್ಯವಾಗಿ ಸ್ವೀಕೃತವಾಯಿತೆಂದರೆ ಅದೇ ದಾವೆಯಲ್ಲಿ ಸ್ಟಾಂಪಿನ ತಕರಾರನ್ನು ಮತ್ತೆ ಎತ್ತುವಂತಿಲ್ಲ. ಹಾಗಾಗಿ ಗುರುತಿಸುವ ಆ ಗಳಿಗೆ ಇಬ್ಬರಿಗೂ ಮುಖ್ಯ.

ಬಾಡಿಗೆದಾರರಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ರೂಢಿಯಲ್ಲಿ ಮೂಲ ಪತ್ರ ಮಾಲೀಕರ ಬಳಿ, ಜೆರಾಕ್ಸ್ ಬಾಡಿಗೆದಾರರ ಬಳಿ. ಹರಿಓಂ ಅಗರವಾಲ್ ವಿರುದ್ಧ ಪ್ರಕಾಶ್ ಚಂದ್ ಮಾಲವೀಯ (2007) ಪ್ರಕರಣವೂ ಬಾಡಿಗೆ ತಕರಾರಿನದೇ. ಸ್ಟಾಂಪು ಸಾಲದ ಪತ್ರದ ನೆರಳಚ್ಚು ಪ್ರತಿಗೆ ಶುಲ್ಕ ಮತ್ತು ದಂಡ ಕಟ್ಟಿಸಿಕೊಂಡು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಬರುವುದಿಲ್ಲವೆಂದು ಅಲ್ಲಿ ತೀರ್ಮಾನವಾಯಿತು. ಕೈಯಲ್ಲಿ 4,400 ರೂಪಾಯಿ ಇದ್ದರೂ ಮೂಲ ಪತ್ರ ಇಲ್ಲದವರಿಗೆ ಈ ಪರಿಹಾರ ಸಿಗದು.

ಮೂಲ ಪತ್ರ ದೊರೆತು ದಂಡವನ್ನೂ ಕಟ್ಟಿದರೆ ಅದರ ಷರತ್ತುಗಳು ಪೂರ್ತಿ ಸಾಕ್ಷ್ಯಕ್ಕೆ ಬರುತ್ತವೆ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸಿದ್ದರಿಂದ ಸ್ವತ್ತು ವರ್ಗಾವಣೆ ಕಾಯಿದೆಯ 116ನೇ ಕಲಮಿನಂತೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಿದೆ. ಸುಣ್ಣಬಣ್ಣದ ಷರತ್ತಿನಂತೆ 20,000 ಮುರಿದುಕೊಳ್ಳಲು ಮಾಲೀಕರಿಗೆ ಆಧಾರವಿದೆ. ಉಳಿದ 70,000ಕ್ಕೆ ಅವರು ನಿಜವಾದ ಹಾನಿಯನ್ನು ರುಜುವಾತುಪಡಿಸಬೇಕು. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು 108ನೇ ಕಲಮು ಹೇಳುತ್ತದೆ.

ಅದೇ ಮನೆ, ಮೂರು ವರ್ಷದ ಪತ್ರ

ಇದೇ ಮನೆಗೆ ಇದೇ ಮೊತ್ತದಲ್ಲಿ, ನೋಂದಣಿ ಇಲ್ಲದೆ, 100 ರೂಪಾಯಿಯ ಕಾಗದದ ಮೇಲೆ ಮೂರು ವರ್ಷದ ಕರಾರು ಆಗಿತ್ತು ಎಂದುಕೊಳ್ಳೋಣ. ಎರಡು ವರ್ಷ ಬಿಡುವಂತಿಲ್ಲ, ಆಮೇಲೂ ಎರಡು ತಿಂಗಳ ನೋಟಿಸು ಬೇಕು ಎಂಬ ಷರತ್ತುಗಳಿವೆ. ಒಂದು ವರ್ಷ ಮೀರಿ ಹತ್ತು ವರ್ಷದೊಳಗಿನ ಕರಾರಿಗೆ ನೂರಕ್ಕೆ ಒಂದು ರೂಪಾಯಿಯಂತೆ ಶುಲ್ಕ 4,400. ಕೊರತೆ 4,300, ದಂಡ 43,000, ಒಟ್ಟು 47,300 ರೂಪಾಯಿ. ಇಷ್ಟನ್ನೂ ಕಟ್ಟಿದ ಮೇಲೆ ಸ್ಟಾಂಪಿನ ತಡೆ ನಿವಾರಣೆಯಾಗುತ್ತದೆ. ನೋಂದಣಿಯ ತಡೆ ಹಾಗೇ ಉಳಿಯುತ್ತದೆ. ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳ ಕಾಲಾವಕಾಶ, ದಂಡ ಸಮೇತ ಇನ್ನು ನಾಲ್ಕು ತಿಂಗಳು. ತಕರಾರು ಹುಟ್ಟುವ ಹೊತ್ತಿಗೆ ಆ ಕಾಲ ಸಾಮಾನ್ಯವಾಗಿ ಕಳೆದುಹೋಗಿರುತ್ತದೆ.

ಆಗ 49ನೇ ಕಲಮಿನಂತೆ ಆ ಪತ್ರದಿಂದ ಮೂರು ವರ್ಷದ ಹಕ್ಕನ್ನು ರುಜುವಾತುಪಡಿಸಲಾಗದು. ಅದರ ಪರಂತುಕ ಒಂದು ಕಿರಿದಾದ ಬಾಗಿಲನ್ನಷ್ಟೇ ತೆರೆದಿಟ್ಟಿದೆ: ನೋಂದಣಿಯ ಅಗತ್ಯವಿಲ್ಲದ ಆನುಷಂಗಿಕ ವ್ಯವಹಾರಕ್ಕೆ ಪತ್ರವನ್ನು ನೋಡಬಹುದು. ಆ ವ್ಯಕ್ತಿ ಮನೆಯಲ್ಲಿ ಬಾಡಿಗೆದಾರನಾಗಿ ಇದ್ದನೇ, ಅತಿಕ್ರಮಿಸಿ ಇದ್ದನೇ ಎಂದು ತಿಳಿಯಲು ಅದು ನೆರವಾಗುತ್ತದೆ. ಗೇಣಿಯ ಮುಖ್ಯ ಷರತ್ತನ್ನೇ ಆನುಷಂಗಿಕವೆಂದು ಕರೆದು ಒಳಗೆ ತರಲು ಬರುವುದಿಲ್ಲವೆಂದು ಕೆ.ಬಿ. ಸಾಹಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೀಗೆ ಎರಡು ವರ್ಷದ ಕಟ್ಟು, ಎರಡು ತಿಂಗಳ ನೋಟಿಸು, ಸುಣ್ಣಬಣ್ಣದ ಮುರಿತ ಮೂರೂ ಮಾಲೀಕರ ಕೈತಪ್ಪುತ್ತವೆ. ಮೂರು ವರ್ಷ ಇರುವ ಹಕ್ಕು ಬಾಡಿಗೆದಾರರ ಕೈತಪ್ಪುತ್ತದೆ.

ಆದರೂ ಸಂಬಂಧ ಶೂನ್ಯವಾಗುವುದಿಲ್ಲ. ಆಂಥೋನಿ ವಿರುದ್ಧ ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ (2000) ಪ್ರಕರಣದಲ್ಲಿ ಐದು ವರ್ಷದ ಪತ್ರ ನೋಂದಣಿಯಾಗಿರಲಿಲ್ಲ. ಸ್ವಾಧೀನ ಕೊಟ್ಟದ್ದು, ಬಾಡಿಗೆ ಪಡೆದದ್ದು ಎರಡೂ ಸಿದ್ಧವಾಗಿದ್ದರಿಂದ ಮಾಲೀಕ ಮತ್ತು ಬಾಡಿಗೆದಾರ ಎಂಬ ಸಂಬಂಧವನ್ನು ನ್ಯಾಯಾಲಯ ಒಪ್ಪಿತು. ಅದು ಐದು ವರ್ಷದ ಗೇಣಿ ಆಗಲಿಲ್ಲ ಅಷ್ಟೆ. ನಮ್ಮ ಉದಾಹರಣೆಯ ವಾಸದ ಮನೆಗೆ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆ, ಹದಿನೈದು ದಿನದ ನೋಟಿಸು ಅನ್ವಯಿಸುತ್ತದೆ. ಬಾಡಿಗೆದಾರರು ಪೂರ್ತಿ ಬಾಡಿಗೆ ಕಟ್ಟಿ ಮನೆಯನ್ನು ಸುಸ್ಥಿತಿಯಲ್ಲಿ ಬಿಟ್ಟಿದ್ದರೆ, ಅಡ್ವಾನ್ಸನ್ನು ಹಣದ ಬಾಕಿಯಾಗಿ ಕೇಳಲು ಬ್ಯಾಂಕ್ ವರ್ಗಾವಣೆಯ ದಾಖಲೆ ಸಾಕು. ಅಡ್ವಾನ್ಸನ್ನು ನಗದಾಗಿ ಕೊಟ್ಟು ರಸೀದಿ ಪಡೆಯದವರಿಗೆ ಈ ಆಸರೆಯೂ ಇಲ್ಲ.

ತಿಂಗಳ ಬಾಡಿಗೆ ಇಲ್ಲದೆ ಲಕ್ಷಗಟ್ಟಲೆ ಹಣ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಮನೆ ಹಿಡಿಯುವ ಭೋಗ್ಯದ ಪದ್ಧತಿಯಲ್ಲಿ ಈ ದೌರ್ಬಲ್ಯ ಇನ್ನೂ ತೀವ್ರ. ನೋಂದಣಿಯಿಲ್ಲದ ಪತ್ರ ಹಿಡಿದವರು ಹಣವನ್ನು ಸಾಲದಂತೆ ವಸೂಲಿಗೆ ಕೇಳಬಹುದಾದರೂ, ಆ ಮನೆಯ ಮೇಲೆಯೇ ತಮ್ಮ ಭೋಗ್ಯದ ಹಕ್ಕಿದೆಯೆಂದು ಪತ್ರದಿಂದ ಸಾಧಿಸಲಾರರು.

ಉಪಸಂಹಾರ

ನೋಂದಣಿಯಾಗದ ಕರಾರಿಗೆ ಬೆಲೆಯಿಲ್ಲ ಎಂಬ ಮಾತು ಪೂರ್ತಿ ಸತ್ಯವಲ್ಲ. ನೋಟರಿ ಮಾಡಿಸಿದ ಕರಾರು ಎಲ್ಲಕ್ಕೂ ನಡೆಯುತ್ತದೆ ಎಂಬ ಮಾತಂತೂ ಸುಳ್ಳು. ಸರಿಯಾಗಿ ಸ್ಟಾಂಪು ಹಚ್ಚಿದ ಹನ್ನೊಂದು ತಿಂಗಳ ಪತ್ರಕ್ಕೆ ಅದರ ಎಲ್ಲ ಷರತ್ತುಗಳ ಮಟ್ಟಿಗೆ ಬೆಲೆಯಿದೆ. ಕಡಿಮೆ ಸ್ಟಾಂಪಿನ ಪತ್ರಕ್ಕೆ ದಂಡ ಕಟ್ಟಿದ ಮೇಲೆ, ಮೂಲ ಪ್ರತಿ ಇದ್ದರೆ, ಅಷ್ಟೇ ಬೆಲೆಯಿದೆ. ನೋಂದಣಿಯಿಲ್ಲದ ದೀರ್ಘಾವಧಿ ಪತ್ರದಿಂದ ಉಳಿಯುವುದು ಸ್ವಾಧೀನದ ಸ್ವರೂಪದ ಸಾಕ್ಷ್ಯ ಮಾತ್ರ.

ಆದ್ದರಿಂದ ಒಂದು ವರ್ಷಕ್ಕಿಂತ ಹೆಚ್ಚಿನ ಭರವಸೆ ಯಾರಿಗೆ ಬೇಕೋ ಅವರು ಉಪನೋಂದಣಾಧಿಕಾರಿ ಕಚೇರಿಗೆ ಹೋಗಲೇಬೇಕು. ಹನ್ನೊಂದು ತಿಂಗಳು ಸಾಕೆನ್ನುವವರು ಸಹಿ ಹಾಕುವ ಮೊದಲೇ ಬಾಡಿಗೆ ಮತ್ತು ಅಡ್ವಾನ್ಸ್ ಎರಡನ್ನೂ ಸೇರಿಸಿ ಅಂದಿನ ದರದಲ್ಲಿ ಸ್ಟಾಂಪು ಲೆಕ್ಕ ಹಾಕಬೇಕು, ತಕ್ಕ ಸ್ಟಾಂಪಿನ ಎರಡು ಮೂಲ ಪ್ರತಿ ಮಾಡಿಸಿ ಒಂದೊಂದನ್ನು ಇಟ್ಟುಕೊಳ್ಳಬೇಕು, ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಮೇಲಿನ ದಾವೆಯಲ್ಲಿ 4,400 ರೂಪಾಯಿ ಕಟ್ಟಿಸಿದ್ದು ಮೊದಲ ದಿನ ಉಳಿಸಿದ 400 ರೂಪಾಯಿ.