ಪ್ರಶ್ನಿಸಿದ ಶಿಷ್ಯ: ತೋಮನ ಕಥೆ ಮತ್ತು ಅದರ ಓದಿನ ಚರಿತ್ರೆ

ಯೇಸುವಿನ ಹನ್ನೆರಡು ಶಿಷ್ಯರಲ್ಲಿ ತೋಮನಿಗೆ ಸಂಶಯಗಾರನೆಂಬ ಹೆಸರು ಅಂಟಿಕೊಂಡಿದೆ. ವಯಸ್ಕರ ಬೈಬಲ್ ತರಗತಿಗಳಲ್ಲಿ ಅವನ ಕಥೆಯನ್ನು ಸಾಮಾನ್ಯವಾಗಿ ಎಚ್ಚರಿಕೆಯ ಪಾಠವಾಗಿ ಹೇಳಲಾಗುತ್ತದೆ: ಅವನು ನಂಬಲಿಲ್ಲ, ಗಾಯ ಮುಟ್ಟಿದ, ಆಮೇಲೆ ನಂಬಿದ. ಆದರೆ ಈ ಸಾರಾಂಶದ ನಡುವಿನ ಹೆಜ್ಜೆಗೆ ಮೂಲದಲ್ಲಿ ಆಧಾರವಿಲ್ಲ.

ಈ ಪ್ರಸಂಗ ಬರುವುದು ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಮಾತ್ರ. ಪುನರುತ್ಥಾನದ ದಿನ ಬೆಳಗ್ಗೆ ಮಗ್ದಲದ ಮರಿಯಳು ತಾನು ಯೇಸುವನ್ನು ಕಂಡದ್ದನ್ನು ಶಿಷ್ಯರಿಗೆ ತಿಳಿಸುತ್ತಾಳೆ. ಆದರೂ ಅಂದು ಸಂಜೆ ಅವರು ಭಯದಿಂದ ಬಾಗಿಲು ಹಾಕಿಕೊಂಡೇ ಕೂತಿರುತ್ತಾರೆ. ಯೇಸು ಬಂದು ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ ಮೇಲೆಯೇ ಅವರಿಗೆ ಸಂತೋಷವಾಗುತ್ತದೆ. ಆಗ ಅಲ್ಲಿರದಿದ್ದ ತೋಮ, ಗಾಯಗಳನ್ನು ನೋಡಿ ಬೆರಳಿಟ್ಟ ಹೊರತು ನಂಬಲಾರೆ ಎನ್ನುತ್ತಾನೆ. ಮುಟ್ಟುವ ಮಾತನ್ನು ಬಿಟ್ಟರೆ ಅವನು ಕೇಳಿದ್ದು ಉಳಿದವರಿಗೆ ಕೇಳದೆಯೇ ಸಿಕ್ಕಿದ್ದನ್ನೇ. ಎಂಟು ದಿನಗಳ ನಂತರ ಯೇಸು ಅವನನ್ನು ಮುಟ್ಟಲು ಕರೆಯುತ್ತಾನೆ. ತೋಮ ಮುಟ್ಟಿದನೆಂದು ಸುವಾರ್ತೆ ಹೇಳುವುದಿಲ್ಲ. ಯೇಸುವನ್ನು ತನ್ನ ಒಡೆಯನೆಂದೂ ದೇವರೆಂದೂ ಅರಿಕೆ ಮಾಡಿದನೆಂದಷ್ಟೇ ಹೇಳುತ್ತದೆ. ಯೇಸುವಿನ ಮರುಮಾತಿನಲ್ಲೂ ಇರುವುದು ನೋಡಿ ನಂಬಿದ್ದರ ಪ್ರಸ್ತಾಪ, ಮುಟ್ಟಿದ್ದರದ್ದಲ್ಲ.

ಈ ಮೌನವನ್ನು ನಂತರದವರು ತುಂಬಿದರು. 2ನೇ ಶತಮಾನದ 'ಅಪೊಸ್ತಲರ ಪತ್ರ'ದಲ್ಲಿ ತೋಮನ ಜೊತೆಗೆ ಪೇತ್ರನಿಗೂ ಅಂದ್ರೆಯನಿಗೂ ಯೇಸುವಿನ ದೇಹವನ್ನು ಪರೀಕ್ಷಿಸುವ ಆಹ್ವಾನ ಬರುತ್ತದೆ. ಪುನರುತ್ಥಾನಗೊಂಡದ್ದು ಬರೀ ನೆರಳಲ್ಲ, ನಿಜವಾದ ಶರೀರ ಎಂದು ವಾದಿಸಬೇಕಿದ್ದ ಕಾಲದಲ್ಲಿ ಸ್ಪರ್ಶಕ್ಕೆ ಸಾಕ್ಷ್ಯದ ಬೆಲೆಯಿತ್ತು. 6ನೇ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ತಮ್ಮ ಪ್ರವಚನದಲ್ಲಿ, ಸುಲಭವಾಗಿ ನಂಬಿದವರ ವಿಶ್ವಾಸಕ್ಕಿಂತ ತೋಮನ ಸಂಶಯವೇ ನಮಗೆ ಹೆಚ್ಚು ಉಪಕಾರಿ ಎಂದರು. ಸಂಶಯಕ್ಕೆ ಅವರು ಗೌರವದ ಸ್ಥಾನ ಕೊಟ್ಟರೂ ತೋಮ ಮುಟ್ಟಿದನೆಂದೇ ಭಾವಿಸಿದ್ದರು. 1601-02ರ ಸುಮಾರಿಗೆ ಕರವಾಜ್ಜೊ ಬರೆದ ಚಿತ್ರದಲ್ಲಿ ತೋಮನ ಬೆರಳು ಗಾಯದೊಳಗೇ ಹೊಕ್ಕಿದೆ. ಇಂತಹ ಚಿತ್ರಗಳನ್ನು ಕಂಡ ಕಣ್ಣಿಗೆ ಪಠ್ಯದ ಮೌನ ಗೋಚರಿಸುವುದು ಕಷ್ಟ.

ಆ ಮೌನವನ್ನು ಉಳಿಸಿಕೊಂಡು ಓದಿದರೆ ಪಾಠವೇ ಬದಲಾಗುತ್ತದೆ. ತೋಮ ತನ್ನ ಷರತ್ತು ಪೂರೈಸಿಕೊಂಡನೆಂದು ಪಠ್ಯ ಹೇಳುವುದಿಲ್ಲ. ತನ್ನ ಪ್ರಶ್ನೆ ಕೇಳಿಸಿದೆ ಎಂಬುದು ಮಾತ್ರ ಅವನಿಗೆ ಖಚಿತವಾಯಿತು. ಯೇಸು ಅವನ ಮಾತುಗಳನ್ನೇ ಹೆಚ್ಚುಕಡಿಮೆ ಮರಳಿ ಆಡಿದ್ದು ಇದನ್ನು ತೋರಿಸುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ: ಆ ಎಂಟು ದಿನ ಕಳೆದಾಗ ತೋಮ ಅದೇ ಗುಂಪಿನ ನಡುವೆ ಇದ್ದ. ಅವರು ಅವನನ್ನು ಹೊರಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ.

ಹಾಗೆಂದು ಈ ಕಥೆ ಸಂಶಯವನ್ನೇ ಗುರಿಯಾಗಿಸುವುದಿಲ್ಲ. ಕಾಣದೆ ನಂಬುವವರನ್ನು ಯೇಸು ಧನ್ಯರೆನ್ನುತ್ತಾನೆ, ಅದರ ಬೆನ್ನಿಗೇ ಸುವಾರ್ತಾಕಾರ ಓದುಗರು ನಂಬಲೆಂದು ಇದನ್ನೆಲ್ಲ ಬರೆದೆನೆನ್ನುತ್ತಾನೆ. ಹಾಗಾಗಿ ತರಗತಿಯಲ್ಲಿ ಮೊದಲು ಕೇಳಬೇಕಾದದ್ದು ತೋಮ ಏಕೆ ಸಂಶಯಪಟ್ಟ ಎಂದಲ್ಲ. ನಂಬಲಾರೆ ಎಂದವನಿಗೆ ಆ ಕೋಣೆಯಲ್ಲಿ ಎಂಟು ದಿನಗಳ ನಂತರವೂ ಜಾಗವಿದ್ದದ್ದು ಹೇಗೆ ಎಂದು.