ನಮ್ಮ ಪಹಣಿಯೊಳಗಿನ ಅರಬ್ಬಿ, ಪಾರಸಿ ಮಾತುಗಳು

ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ವರ್ಷ ನಮ್ಮ ತಂದೆ ಒಂದು ಕಾಗದ ತಂದು ನನ್ನ ಮುಂದಿಟ್ಟು, "ನೀನು ಓದಿದವನಲ್ಲಪ್ಪಾ, ಇದರಲ್ಲಿ ಏನೈತೆ ನೋಡಿ ಹೇಳು" ಎಂದರು. ಅದು ನಮ್ಮ ಹೊಲದ ಪಹಣಿ. ಕನ್ನಡದಲ್ಲಿ ಒಳ್ಳೆಯ ಅಂಕ ಪಡೆದಿದ್ದ ನನಗೆ ಅಕ್ಷರವೆಲ್ಲ ಓದಲು ಬಂತು, ಅರ್ಥ ಮಾತ್ರ ಆಗಲಿಲ್ಲ. ಖುಷ್ಕಿ ಎಂದರೇನು, ಖರಾಬು ಎಂದರೇನು, ಷರಾ ಎಂದರೇನು? ನಮ್ಮ ಪಠ್ಯಪುಸ್ತಕದಲ್ಲಿ ಈ ಮಾತುಗಳು ಇರಲಿಲ್ಲ. ಮುಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಬಹಳ ವರ್ಷ ಇಂಥ ಕಾಗದಗಳ ನಡುವೆಯೇ ಕಳೆದೆ. ಅಂದು ಅಪ್ಪನಿಗೆ ಹೇಳಲಾಗದಿದ್ದುದನ್ನು ಇಂದು ನಮ್ಮೂರಿನವರಿಗೆ ಹೇಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪಹಣಿಯಲ್ಲಿ ಮೊದಲು ನಾವು ನೋಡುವುದು ನಮ್ಮ ಹೆಸರನ್ನು. ಸಿದ್ದಪ್ಪ ಬಿನ್ ಬಸಪ್ಪ ಎಂದು ಇರುತ್ತದೆ. ಈ 'ಬಿನ್' ಅರಬ್ಬಿ ಮಾತು, ಮಗ ಎಂದು ಅರ್ಥ. ಅರಬ್ ದೇಶದ ಹೆಸರುಗಳಲ್ಲಿ ತಂದೆ ಮಕ್ಕಳ ನಡುವೆ ಬರುವ ಬಿನ್ ಇದೇ. ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳ ನಡುವೆಯೂ ಅದು ಸದ್ದಿಲ್ಲದೆ ಕುಳಿತಿದೆ.

ಆಮೇಲೆ ಬರುವುದು ನೆಲದ ಬಗೆ. ಮಳೆ ನಂಬಿದ ಹೊಲ ಖುಷ್ಕಿ, ನೀರು ಹಾಯುವ ಗದ್ದೆ ತರಿ, ತೋಟ ಬಾಗಾಯ್ತು. ಪಾರಸಿಯಲ್ಲಿ ಖುಷ್ಕಿ ಎಂದರೆ ಒಣಗಿದ್ದು, ತರಿ ಎಂದರೆ ತೇವ. 'ಬಾಗ್' ಎಂದರೆ ತೋಟ, ಅದಕ್ಕೆ ಅರಬ್ಬಿಯ ಬಹುವಚನ ಸೇರಿ ಬಾಗಾಯ್ತು ಆಯಿತು. ನಮ್ಮ ರಾಗಿ ಹೊಲ, ಭತ್ತದ ಗದ್ದೆ, ತೆಂಗಿನ ತೋಟ ಮೂರಕ್ಕೂ ಸರ್ಕಾರದ ಕಾಗದದಲ್ಲಿ ಇರುವುದು ಹೊರಗಿನಿಂದ ಬಂದ ಹೆಸರುಗಳೇ. 'ಜಮೀನು' ಕೂಡ ಪಾರಸಿಯದೇ. ಆದರೆ ಕೋರ್ಟಿನಲ್ಲಿ ಕೊಡುವ 'ಜಾಮೀನು' ಬೇರೆ. ಅದು ಅರಬ್ಬಿ, ಹೊಣೆ ಹೊರುವವನು ಎಂಬ ಮಾತಿನಿಂದ ಬಂದದ್ದು. ಒಂದು ದೀರ್ಘದಲ್ಲಿ ನೆಲ ಹೊಣೆಯಾಗುತ್ತದೆ.

ಇನ್ನು ನಮ್ಮ ಮನೆಗೆ ಪೆಟ್ಟು ಕೊಟ್ಟ ಮಾತಿಗೆ ಬರುತ್ತೇನೆ. ನಮ್ಮ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 10 ಗುಂಟೆ ಎಂದಿತ್ತು. ಅದರ ಕೆಳಗೆ ಫೂಟ್ ಖರಾಬು 'ಅ' 4 ಗುಂಟೆ, 'ಬ' 6 ಗುಂಟೆ, ಉಳಿಕೆ 4 ಎಕರೆ ಎಂದಿತ್ತು. ಹೊಲದ ಅಂಚಿನಲ್ಲಿ ಹಿಂದಿನ ಹೊಲಗಳಿಗೆ ಹೋಗುವ ಬಂಡಿದಾರಿ ಇತ್ತು. ಅಪ್ಪನ ಲೆಕ್ಕ ಸರಳವಾಗಿತ್ತು: ಖರಾಬು ಎಂದರೆ ಕೆಟ್ಟದ್ದು, ಕೆಟ್ಟ ನೆಲವಾದರೂ ನಮ್ಮ ಸರ್ವೆ ನಂಬರಿನೊಳಗೇ ಇದೆ, ಆದ್ದರಿಂದ ನಮ್ಮದು. ಒಂದು ಬೇಸಿಗೆಯಲ್ಲಿ ಆ ದಾರಿಗೆ ಮುಳ್ಳುಬೇಲಿ ಹಾಕಿಬಿಟ್ಟರು.

ಮಾತಿನ ಅರ್ಥದಲ್ಲಿ ಅಪ್ಪ ತಪ್ಪಿರಲಿಲ್ಲ. ಅರಬ್ಬಿಯಲ್ಲಿ ಖರಾಬು ಎಂದರೆ ಹಾಳಾದದ್ದೇ. ಆದರೆ ಕಂದಾಯದ ಕಾಗದದಲ್ಲಿ ಅದರ ಅರ್ಥ ಬೇರೆ: ಕಂದಾಯ ಹಾಕದೆ ಬಿಟ್ಟ ನೆಲ ಎಂದು. ಹಾಗೆ ಬಿಡಲು ಎರಡು ಕಾರಣ. ಬಂಡೆಯಿರುವುದರಿಂದಲೋ, ರೈತನ ಕಣ ಅಥವಾ ಹೊಲದ ಮನೆ ಇರುವುದರಿಂದಲೋ ಸಾಗುವಳಿಗೆ ಬಾರದ ನೆಲ 'ಅ' ಖರಾಬು. ಅದು ಹಿಡುವಳಿದಾರನ ಜೊತೆಗೇ ಇರುತ್ತದೆ. ದಾರಿ, ಹಳ್ಳ, ಕೆರೆ, ಸ್ಮಶಾನದಂತೆ ಹತ್ತು ಜನರ ಬಳಕೆಗೆ ಬಿಟ್ಟದ್ದು 'ಬ' ಖರಾಬು. ಅದು ನಮ್ಮ ನಂಬರಿನೊಳಗೆ ಇದ್ದರೂ ನಾವು ಅದನ್ನು ಮುಚ್ಚುವಂತಿಲ್ಲ. ನಮ್ಮ 'ಅ' 4 ಗುಂಟೆ ಬಂಡೆ ಮತ್ತು ಕಣ. 'ಬ' 6 ಗುಂಟೆ ಆ ಬಂಡಿದಾರಿ. ಒಂದು ಅಕ್ಷರದಲ್ಲಿ ಇಡೀ ವ್ಯಾಜ್ಯದ ತೀರ್ಪು ಇತ್ತು, ನಮಗೆ ಓದಲು ಬರಲಿಲ್ಲ.

ಹಿಂದಿನ ಹೊಲದ ದೊಡ್ಡಪ್ಪನವರು ಕೋರ್ಟಿಗೆ ಹೋದರು. ಅಲ್ಲಿಂದ ಮುಂದೆ ನಮ್ಮ ಮನೆಗೆ ಬಂದ ಮಾತುಗಳೆಲ್ಲ ಇದೇ ಕುಲದವು. ಅವರು ಹೂಡಿದ್ದು ದಾವೆ. ಅರಬ್ಬಿಯಲ್ಲಿ 'ನನಗೆ ಸಲ್ಲಬೇಕು' ಎಂಬ ಹೇಳಿಕೆ. ನಾವು ವಕೀಲರಿಗೆ ಸಹಿ ಮಾಡಿ ಕೊಟ್ಟದ್ದು ವಕಾಲತ್ತು; ನಮ್ಮ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವುದು. ಆ 'ಸಹಿ'ಯ ಮೂಲ, ಸರಿಯಾಗಿದೆ ಎಂಬ ಅರ್ಥದ ಅರಬ್ಬಿ ಮಾತು. ನಾವು ಎತ್ತಿದ್ದು ತಕರಾರು. ಮೂಲದಲ್ಲಿ ಅದಕ್ಕೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಎಂದು ಅರ್ಥ. ನಮ್ಮ ಎರಡು ಮನೆಯವರು ಜಗಲಿಯ ಮೇಲೆ ಮಾಡಿದ್ದೂ ಅದನ್ನೇ!

ಎರಡು ವರ್ಷ ಓಡಾಡಿದ ಮೇಲೆ ಸರ್ವೆಯವರು ಬಂದು ಹದ್ದುಬಸ್ತು ಮಾಡಿದರು. 'ಹದ್ದು' ಅರಬ್ಬಿಯ ಎಲ್ಲೆ, 'ಬಸ್ತು' ಪಾರಸಿಯ ಕಟ್ಟಿದ್ದು, ಎಲ್ಲೆಯನ್ನು ಕಟ್ಟಿಕೊಡುವುದು. ಸರಪಳಿ ಹಿಡಿದು ಅಳೆದು ಕಲ್ಲು ತೋರಿಸಿದರು. ನೆರೆಹೊರೆಯವರ ಮುಂದೆ ಮಹಜರು ಬರೆದರು. ಮಹಜರು ಎಂದರೆ ಸಮಕ್ಷಮ. ಹಾಜರು ಎಂಬ ಮಾತಿನ ಒಡಹುಟ್ಟು. ಎದುರಿಗೆ ಇದ್ದವರು ರುಜು ಹಾಕಿದರೆ ಮಾತ್ರ ಅದಕ್ಕೆ ಬೆಲೆ. ದಾರಿ 6 ಗುಂಟೆಯೊಳಗೇ ಇತ್ತು. ಅಪ್ಪ ಬೇಲಿ ಕಿತ್ತರು, ಎರಡು ಕಡೆಯವರೂ ರಾಜಿಯಾದರು. ರಾಜಿ ಎಂದರೆ ಮೂಲದಲ್ಲಿ ಮನಸ್ಸಿಗೆ ಒಪ್ಪಿಗೆಯಾದವನು. ಹಾಗಾಗಲು ನಮಗೆ ಒಂದು ಜೊತೆ ಎತ್ತಿನ ಬೆಲೆ ಖರ್ಚಾಗಿತ್ತು.

ಈ ಮಾತುಗಳು ಇಲ್ಲಿಗೆ ಬಂದದ್ದು ಒಂದೇ ದಿನದಲ್ಲಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ ವಿಜಯಪುರದ ಆದಿಲಶಾಹಿಗಳು, ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪು, ಈಶಾನ್ಯದ ಜಿಲ್ಲೆಗಳಲ್ಲಿ 1948ರವರೆಗೆ ನಿಜಾಮರು ಆಳಿದರು. ಮರಾಠರ ದಫ್ತರಗಳ ಮೂಲಕವೂ ಅನೇಕ ಮಾತು ಬಂದವು. 1837ರ ಕಾನೂನಿನ ಬಲದಿಂದ ಕಂಪನಿ ಸರ್ಕಾರ ಕೋರ್ಟು ಮತ್ತು ಕಂದಾಯದ ಕೆಲಸದಿಂದ ಪಾರಸಿ ಭಾಷೆಯನ್ನು ತೆಗೆಯಿತು. ಆದರೆ ಭಾಷೆ ಹೋದರೂ ಮಾತುಗಳು ಉಳಿದವು. ಹಳೆಯ ದಾಖಲೆ ಇರುವವರೆಗೆ ಅದರ ಮಾತನ್ನು ಬದಲಿಸುವುದು ಸುಲಭವಲ್ಲ. ಹೊಸ ಕಾಗದವನ್ನು ಹಳೆಯದರ ಜೊತೆ ತಾಳೆ ನೋಡಬೇಕಲ್ಲ!

ಎಲ್ಲವೂ ಅಲ್ಲಿಯವಲ್ಲ ಎಂಬುದನ್ನೂ ಹೇಳಬೇಕು. 'ಪಹಣಿ' ಮರಾಠಿಯದು, ನೋಡುವುದು ಎಂಬುದರಿಂದ ಬಂದದ್ದು. 'ಮೋಜಣಿ'ಯೂ ಮರಾಠಿ, ಅಳೆಯುವುದು ಎಂದು. 'ಮುಚ್ಚಳಿಕೆ'ಯನ್ನು ನೋಡಿದರೆ ಮುಚ್ಚಳದ ನೆಂಟನಂತೆ ಕಾಣುತ್ತದೆ. ಅದು ತುರ್ಕಿ ಮೂಲದಿಂದ ಪಾರಸಿಯ ಮೂಲಕ ಬಂದ ಮಾತು.

ನಮ್ಮೂರಿನವರು ಕಚೇರಿಗೆ ಹೋದಾಗ ಹೆಚ್ಚಾಗಿ ಕೇಳುವ ಇನ್ನು ಕೆಲವನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ. ಮೊದಲು ಮೂಲದ ಅರ್ಥ, ಆಮೇಲೆ ಕಾಗದದಲ್ಲಿನ ಅರ್ಥ.

ಫೌತಿ (ಅರಬ್ಬಿ): ಸಾವು. ಫೌತಿ ಖಾತೆ ಎಂದರೆ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡುವುದು.
ವಾರಸುದಾರ (ಅರಬ್ಬಿ, ಪಾರಸಿ): ಉತ್ತರಾಧಿಕಾರ ಉಳ್ಳವರು.
ಬಗರ್ ಹುಕುಂ (ಅರಬ್ಬಿ, ಪಾರಸಿ): ಅಪ್ಪಣೆ ಇಲ್ಲದೆ. ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುವುದು.
ಮಂಜೂರು (ಅರಬ್ಬಿ): ನೋಡಿದ್ದು. ಅಧಿಕಾರಿ ನೋಡಿ ಒಪ್ಪಿದ್ದು.
ಇನಾಂ (ಅರಬ್ಬಿ): ಬಹುಮಾನ. ದೊರೆ ಕೊಟ್ಟ ಜಮೀನು.
ಷರಾ (ಅರಬ್ಬಿ): ವಿವರಣೆ. ಅಂಚಿನಲ್ಲಿ ಬರೆದ ಟಿಪ್ಪಣಿ.
ಜಾರಿ (ಅರಬ್ಬಿ): ಹರಿಯುವುದು. ಆದೇಶ ನಡೆಯುವಂತೆ ಮಾಡುವುದು.
ವಜಾ (ಅರಬ್ಬಿ): ಇಳಿಸುವುದು, ಕಳೆಯುವುದು. ದಾವೆ ವಜಾ ಎಂದರೆ ತಳ್ಳಿಹಾಕಿದ್ದು.
ತಹಸೀಲ್ದಾರ್ (ಅರಬ್ಬಿ, ಪಾರಸಿ): ವಸೂಲಿ ಮಾಡುವವರು.

ಇವುಗಳಲ್ಲಿ ಫೌತಿಯ ಬಗ್ಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರು ಚೆನ್ನಾಗಿರುವಾಗ ಅದರ ನೆನಪಾಗುವುದಿಲ್ಲ. ಸಾಲಕ್ಕೋ ಮಾರಾಟಕ್ಕೋ ಹೋದಾಗ ಎರಡು ತಲೆಮಾರಿನ ಮರಣ ಪತ್ರ ಹುಡುಕಬೇಕಾಗುತ್ತದೆ.

ಅಪ್ಪ ಈಗಿಲ್ಲ. ಬಂಡಿದಾರಿಯಲ್ಲಿ ಈಗ ಟ್ರ್ಯಾಕ್ಟರ್ ಓಡಾಡುತ್ತದೆ. ಪಹಣಿ ಕಂಪ್ಯೂಟರಿನಿಂದ ಬರುತ್ತದೆ, ಆದರೆ ಅದರಲ್ಲಿ ಖರಾಬು 'ಬ' 6 ಗುಂಟೆ ಎಂದೇ ಇದೆ. ಈ ಸಂಚಿಕೆ ಓದಿದ ಮಕ್ಕಳು ಇಂದು ಸಂಜೆ ಮನೆಯ ಪಹಣಿ ತೆಗೆದು ಆ ಸಾಲನ್ನು ಒಮ್ಮೆ ಹಿರಿಯರಿಗೆ ಓದಿ ಹೇಳಲಿ.