ಹೆಗಲ ಮೇಲಿನ ನಾಲ್ಕು ಸನ್ನೆಗಳು: ಅಂಪೈರ್ ಸನ್ನೆಗಳ ಬರಹರೂಪ ಮತ್ತು ಮುಂಬೈ ಮೈದಾನ

ಅಂಪೈರ್ ಕೈ ಎತ್ತಿದರೆ ಏನರ್ಥ ಎಂಬುದನ್ನು ಈಗ ಮಕ್ಕಳೂ ಟಿ.ವಿ. ನೋಡಿಯೇ ಕಲಿತುಬಿಡುತ್ತಾರೆ. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಮೆರಿಲಿಬೋನ್ ಕ್ರಿಕೆಟ್ ಕ್ಲಬ್ (ಎಂಸಿಸಿ) ಮಾತ್ರ ತನ್ನ ನಿಯಮಾವಳಿಯಲ್ಲಿ ಈ ಸನ್ನೆಗಳನ್ನು ಮಾತಿನಲ್ಲೇ ವಿವರಿಸುತ್ತ ಬಂದಿದೆ. 1947ರಿಂದ 2017ರವರೆಗಿನ ಸಂಹಿತೆಗಳಲ್ಲಿ ಈ ವಿವರಣೆ ಹೇಗೆ ಬಿಗಿಯಾಯಿತು, ಹೊಸಬರ ಕೈಪಿಡಿ ಬರೆಯುವವರು ಅದರಿಂದ ಏನನ್ನು ಬಿಡದೆ ಉಳಿಸಿಕೊಳ್ಳಬೇಕು ಎಂಬುದನ್ನು ಮುಂಬೈಯ ಮೈದಾನಗಳನ್ನು ಮುಂದಿಟ್ಟುಕೊಂಡು ಈ ಲೇಖನ ನೋಡುತ್ತದೆ. ಸನ್ನೆಯನ್ನು ಓದಬೇಕಾದವನು ಪ್ರೇಕ್ಷಕನಲ್ಲ, ಸ್ಕೋರರ್. ವಿವರಣೆಯ ಒಂದೊಂದು ಪದವೂ ಅವನ ಪುಸ್ತಕ ತಪ್ಪದಿರಲೆಂದೇ ಇದೆ ಎಂಬುದು ಇಲ್ಲಿನ ವಾದ.

ಟಿಪ್ಪಣಿಯಿಂದ ನಿಯಮಕ್ಕೆ

1947ರ ಸಂಹಿತೆಯಲ್ಲಿ ಸನ್ನೆಗಳು ನಿಯಮದ ಮೂಲಪಾಠದಲ್ಲಿ ಇರಲಿಲ್ಲ. ಸ್ಕೋರರ್‌ಗಳನ್ನು ಕುರಿತ ನಾಲ್ಕನೆಯ ನಿಯಮದ ಕೆಳಗಿನ ಟಿಪ್ಪಣಿಯಲ್ಲಿ, ಸಾಮಾನ್ಯವಾಗಿ ಒಪ್ಪಿತವಾದ ಪದ್ಧತಿ ಎಂಬ ಮಾತಿನೊಂದಿಗೆ ಅವು ಕಾಣಿಸಿಕೊಂಡವು. 1980ರ ಸಂಹಿತೆ ಅವನ್ನು ಅಂಪೈರ್‌ಗಳನ್ನು ಕುರಿತ ಮೂರನೆಯ ನಿಯಮದೊಳಕ್ಕೆ ತಂದು ಕಡ್ಡಾಯ ಮಾಡಿತು. 2017ರ ಸಂಹಿತೆಯಲ್ಲಿ ಅವು 2.13ನೆಯ ನಿಯಮದಲ್ಲಿವೆ.

ವಿವರಣೆಯೂ ಜೊತೆಜೊತೆಗೆ ಬೆಳೆಯಿತು. ಬೌಂಡರಿಗೆ ಕೈಯನ್ನು ಅತ್ತಿಂದಿತ್ತ ಬೀಸಬೇಕು ಎಂದಷ್ಟೇ 1947ರಲ್ಲಿ ಇತ್ತು. ಬೀಸುವುದು ಎಲ್ಲಿ ನಿಲ್ಲಬೇಕು ಎಂಬುದು ಅಲ್ಲಿರಲಿಲ್ಲ. ತೋಳು ಕೊನೆಗೆ ಎದೆಗೆ ಅಡ್ಡವಾಗಿ ಬಂದು ನಿಲ್ಲಬೇಕು ಎಂಬ ಮಾತು ಮುಂದೆ ಸೇರಿತು. ದೂರದಿಂದ ನೋಡುವವನಿಗೆ ಈ ಕೊನೆಯ ನಿಲುವು ಮುಖ್ಯ. ಬೀಸುವ ಕೈ ಬದಿಗೆ ಚಾಚಿದಲ್ಲೇ ನಿಂತುಬಿಟ್ಟರೆ ಅದು ನೋಬಾಲ್‌ನಂತೆ ಕಾಣುತ್ತದೆ, ಏಕೆಂದರೆ ನೋಬಾಲ್‌ನ ಸನ್ನೆ ಒಂದು ತೋಳನ್ನು ನೆಲಕ್ಕೆ ಸಮಾನಾಂತರವಾಗಿ ಚಾಚುವುದೇ.

ಒಂದೇ ಬಯಲು, ಹಲವು ಪಂದ್ಯ

ಈ ಬಿಗಿ ಏಕೆ ಬೇಕೆಂಬುದು ಮುಂಬೈಯ ಆಜಾದ್ ಮೈದಾನದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಬಯಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿಚ್‌ಗಳಿವೆ. ಒಂದು ಪಂದ್ಯದ ಬೌಂಡರಿಯೊಳಗೆ ಇನ್ನೊಂದು ಪಂದ್ಯದ ಫೀಲ್ಡರ್ ನಿಂತಿರುತ್ತಾನೆ. 1948ರಲ್ಲಿ ಶುರುವಾದ ಕಾಂಗಾ ಲೀಗ್ ನಡೆಯುವುದು ಮಳೆಗಾಲದಲ್ಲಿ. ಆಗ ಬೆಳಕೂ ಮಂಕು. ಅಂಪೈರ್ ಕೂಗಿ ಹೇಳಿದರೆ ಆ ಕೂಗು ಪಕ್ಕದ ಪಂದ್ಯದ್ದೋ ನಮ್ಮದೋ ಎಂಬುದು ಟೆಂಟ್‌ನಲ್ಲಿ ಕುಳಿತ ಸ್ಕೋರರ್‌ಗೆ ತಿಳಿಯುವುದಿಲ್ಲ. ಅವನಿಗೆ ಉಳಿಯುವುದು ಸನ್ನೆ ಮಾತ್ರ.

ಒಂದು ಚೆಂಡನ್ನೇ ತೆಗೆದುಕೊಳ್ಳೋಣ. ಚೆಂಡು ಬ್ಯಾಟಿಗಾಗಲಿ ಮೈಗಾಗಲಿ ತಾಗದೆ, ಕೀಪರ್‌ಗೂ ಸಿಗದೆ ಬೌಂಡರಿ ದಾಟಿತು: ನಾಲ್ಕು ಬೈ. ಅಂಪೈರ್ ಮೊದಲು ಬಿಡಿಸಿದ ಅಂಗೈಯನ್ನು ತಲೆಯ ಮೇಲಕ್ಕೆ ಎತ್ತಬೇಕು. ಸ್ಕೋರರ್ ಕೈ ಎತ್ತಿ ಉತ್ತರ ಕೊಟ್ಟ ಮೇಲೆ ಬೌಂಡರಿಯ ಸನ್ನೆ ಮಾಡಬೇಕು, ಅದಕ್ಕೂ ಉತ್ತರ ಬರುವವರೆಗೆ ಕಾಯಬೇಕು. ಸ್ಕೋರರ್‌ನ ಕಣ್ಣಿಗೆ ಮೊದಲನೆಯದು ಬೀಳದೆ ಎರಡನೆಯದಷ್ಟೇ ಬಿತ್ತು ಎಂದುಕೊಳ್ಳಿ. ಬ್ಯಾಟರ್‌ನ ಲೆಕ್ಕಕ್ಕೆ ನಾಲ್ಕು ರನ್ ಸೇರುತ್ತದೆ, ಬೌಲರ್ ಬಿಟ್ಟುಕೊಟ್ಟ ರನ್ನಿಗೂ ನಾಲ್ಕು ಸೇರುತ್ತದೆ, ಇತರೆ ರನ್ನಿನಲ್ಲಿ ನಾಲ್ಕು ಕಡಿಮೆಯಾಗುತ್ತದೆ. ತಂಡದ ಮೊತ್ತ ಸರಿಯಾಗಿಯೇ ಇರುತ್ತದೆ. ಬ್ಯಾಟಿಂಗ್ ಕಡೆಯಿಂದ ಕೂಡಿದರೂ ಬೌಲಿಂಗ್ ಕಡೆಯಿಂದ ಕೂಡಿದರೂ ಲೆಕ್ಕ ತಾಳೆಯಾಗುವುದರಿಂದ ಕೂಡಿಸಿ ನೋಡಿ ಈ ತಪ್ಪನ್ನು ಹಿಡಿಯಲಾಗದು. ಎರಡೂ ತಂಡಗಳ ಸ್ಕೋರರ್‌ಗಳು ಪುಸ್ತಕಗಳನ್ನು ಸಾಲುಸಾಲಾಗಿ ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ. ಪ್ರತಿ ಸನ್ನೆಗೂ ಬೇರೆಬೇರೆಯಾಗಿ ಉತ್ತರ ಬರಬೇಕೆಂದು 2017ರ ನಿಯಮ ಒತ್ತಿ ಹೇಳುವುದು ಇದಕ್ಕಾಗಿಯೇ. ಹೊಸಬರ ಕೈಪಿಡಿಗಳು ಸಾಮಾನ್ಯವಾಗಿ ಚಿತ್ರ ಹಾಕಿ ಈ ವಾಕ್ಯವನ್ನೇ ಬಿಟ್ಟುಬಿಡುತ್ತವೆ.

ವಾಂಖೆಡೆ, 1980

ಕೊಟ್ಟ ಸನ್ನೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ? 1980ರ ಫೆಬ್ರವರಿಯಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಈ ಪ್ರಶ್ನೆ ಎದುರಾಯಿತು. ಭಾರತದ 242 ರನ್ನಿಗೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬಾಥಮ್ ಜೊತೆಗೂಡಿದ ಬಾಬ್ ಟೇಲರ್ ಕಪಿಲ್ ದೇವ್ ಬೌಲಿಂಗ್‌ನಲ್ಲಿ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಹನುಮಂತ ರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ನಾಯಕ ಜಿ.ಆರ್. ವಿಶ್ವನಾಥ್ ಅವರಿಗೆ ಖಾತ್ರಿಯಿತ್ತು. ಅವರು ಅಂಪೈರ್ ಜೊತೆ ಮಾತಾಡಿ ಟೇಲರ್‌ರನ್ನು ವಾಪಸ್ ಕರೆಸಿದರು. ಆ ಜೋಡಿ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿತು, ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು.

ವಿಶ್ವನಾಥ್ ಅವರ ಸಜ್ಜನಿಕೆಯ ಕತೆ ಕನ್ನಡಿಗರಿಗೆ ಬಾಯಿಪಾಠ. ನಿಯಮಾವಳಿಯ ಕಣ್ಣಿನಿಂದ ನೋಡಿದರೆ ಅಲ್ಲಿ ಇನ್ನೊಂದು ಸಂಗತಿ ಇದೆ. ಬೆರಳೆತ್ತುವ ಸನ್ನೆಗೆ ವಿವರಣೆಯಿತ್ತು, ಎತ್ತಿದ ಬೆರಳನ್ನು ರದ್ದುಮಾಡುವ ಸನ್ನೆ ಆಗಿನ ಪಟ್ಟಿಯಲ್ಲಿ ಇರಲಿಲ್ಲ. ತೀರ್ಪು ಬದಲಾದದ್ದನ್ನು ಕೈಯಿಂದ ತೋರಿಸಲು ಅಂಪೈರ್‌ಗೆ ನಿಯಮ ಏನನ್ನೂ ಕೊಟ್ಟಿರಲಿಲ್ಲ. ಅದೇ ವರ್ಷ ಜಾರಿಗೆ ಬಂದ ಸಂಹಿತೆಯ 27ನೆಯ ನಿಯಮ, ನಾಯಕ ಅಂಪೈರ್‌ನ ಒಪ್ಪಿಗೆ ಪಡೆದು ಅಪೀಲನ್ನು ಹಿಂದಕ್ಕೆ ಪಡೆಯಬಹುದು ಎಂದು ಹೇಳಿದರೂ ಅದಕ್ಕೊಂದು ಸನ್ನೆಯನ್ನು ಸೇರಿಸಲಿಲ್ಲ. ಎರಡೂ ಹೆಗಲನ್ನು ವಿರುದ್ಧ ಬದಿಯ ಕೈಗಳಿಂದ ಮುಟ್ಟಿ ಹಿಂದಿನ ಸನ್ನೆಯನ್ನು ರದ್ದುಮಾಡುವ ಕ್ರಮ ಬರಹಕ್ಕೆ ಬಂದದ್ದು 2000ದ ಸಂಹಿತೆಯಲ್ಲಿ. ಈಗ ಡಿಆರ್‌ಎಸ್‌ನಲ್ಲಿ ತೀರ್ಪು ಬದಲಾದಾಗ ನಾವು ನೋಡುವುದೂ ಇದನ್ನೇ.

ಹೆಗಲಿನ ಇಕ್ಕಟ್ಟು

1947ರಲ್ಲಿ ಹೆಗಲು ಮುಟ್ಟುವ ಸನ್ನೆ ಒಂದೇ ಇತ್ತು: ಶಾರ್ಟ್ ರನ್. 2000ದಲ್ಲಿ ರದ್ದತಿಯ ಸನ್ನೆಯ ಜೊತೆಗೆ ಐದು ರನ್ ದಂಡದ ಎರಡು ಸನ್ನೆಗಳೂ ಬಂದವು. ಹೀಗೆ ಹೆಗಲಿಗೆ ಸಂಬಂಧಿಸಿದ ಸನ್ನೆಗಳು ನಾಲ್ಕಾದವು. ಹೊಸಬರ ಕೈಪಿಡಿಯಲ್ಲಿ ಅವನ್ನು ಹೀಗೆ ಬರೆಯಬಹುದು:

ಶಾರ್ಟ್ ರನ್: ಒಂದು ತೋಳನ್ನು ಮೇಲಕ್ಕೆ ಮಡಚಿ, ಅದೇ ಬದಿಯ ಹೆಗಲನ್ನು ಬೆರಳ ತುದಿಗಳಿಂದ ಮುಟ್ಟುವುದು.

ಫೀಲ್ಡಿಂಗ್ ತಂಡಕ್ಕೆ ಐದು ರನ್: ಒಂದು ಕೈಯನ್ನು ವಿರುದ್ಧ ಬದಿಯ ಹೆಗಲ ಮೇಲೆ ಇಡುವುದು.

ಬ್ಯಾಟಿಂಗ್ ತಂಡಕ್ಕೆ ಐದು ರನ್: ವಿರುದ್ಧ ಬದಿಯ ಹೆಗಲನ್ನು ಕೈಯಿಂದ ಮತ್ತೆ ಮತ್ತೆ ತಟ್ಟುವುದು.

ಹಿಂದಿನ ಸನ್ನೆ ರದ್ದು: ಎರಡೂ ಕೈಗಳಿಂದ ಎರಡೂ ಹೆಗಲನ್ನು, ಪ್ರತಿಯೊಂದನ್ನು ವಿರುದ್ಧ ಬದಿಯ ಕೈಯಿಂದ, ಮುಟ್ಟುವುದು.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಚಲನೆಯೊಂದೇ. ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ ಇವೆರಡೂ ಒಂದೇ ಆಗಿ ಕಾಣುತ್ತವೆ. ಐದು ರನ್ ಯಾರಿಗೆ ಹೋಗಬೇಕೆಂಬುದು ತಿರುಗುಮುರುಗಾದೀತು. ಇಲ್ಲಿ ಚಿತ್ರಕ್ಕಿಂತ ವಾಕ್ಯವೇ ಭದ್ರ. ಎಂಸಿಸಿಯ ಪಾಠ ಎಲ್ಲಿಯೂ ಎಡ, ಬಲ ಎನ್ನುವುದಿಲ್ಲ ಎಂಬುದನ್ನೂ ಗಮನಿಸಬೇಕು. ಎದುರಿಗಿರುವ ಸ್ಕೋರರ್‌ಗೆ ಅಂಪೈರ್‌ನ ಬಲಗೈ ಎಡಕ್ಕೆ ಕಾಣುತ್ತದೆ. ‘ಅದೇ ಬದಿ’, ‘ವಿರುದ್ಧ ಬದಿ’ ಎಂದು ಬರೆದರೆ ಎಲ್ಲಿ ಕುಳಿತು ನೋಡಿದರೂ ಅರ್ಥ ಬದಲಾಗದು.

ಮಾತಿನ ಮಿತಿ

ಎಷ್ಟು ಬೇಗ, ಎಷ್ಟು ಹೊತ್ತು ಎಂಬುದನ್ನು ನಿಯಮ ಹೇಳುವುದಿಲ್ಲ. ಔಟ್‌ಗೆ ತೋರುಬೆರಳು ತಲೆಯ ಮೇಲೆ ಎಂದಿದೆಯೇ ಹೊರತು ಅದು ನೆಟ್ಟಗಿರಬೇಕೆಂದಿಲ್ಲ. ನ್ಯೂಜಿಲೆಂಡಿನ ಬಿಲ್ಲಿ ಬೌಡೆನ್ ಬಾಗಿದ ಬೆರಳಿನಿಂದಲೇ ಹೆಸರಾದರು. ಸ್ಕೋರ್‌ಪುಸ್ತಕಕ್ಕೆ ಬೇಡವಾದದ್ದನ್ನು ನಿಯಮ ಅಂಪೈರ್‌ನ ಶೈಲಿಗೆ ಬಿಟ್ಟಿದೆ. ಆದ್ದರಿಂದ ಕೈಪಿಡಿ ಬರೆಯುವವರು ಪ್ರತಿ ಸನ್ನೆಗೂ ಐದು ಸಂಗತಿಗಳನ್ನು ಹೇಳಿದರೆ ಸಾಕು: ಯಾವ ಅಂಗ, ಎಲ್ಲಿ ನಿಲ್ಲುತ್ತದೆ, ಒಂದು ಸಲವೋ ಮತ್ತೆ ಮತ್ತೆಯೋ, ಚೆಂಡು ಆಟದಲ್ಲಿದ್ದಾಗಲೋ ಡೆಡ್ ಆದ ಮೇಲೋ, ಸ್ಕೋರರ್‌ನ ಉತ್ತರಕ್ಕೆ ಕಾಯಬೇಕೋ ಬೇಡವೋ. ಕೊನೆಯ ಎರಡನ್ನು ಯಾವ ಚಿತ್ರವೂ ತೋರಿಸಲಾರದು.